ಕಾರ್ಕಳದ ಆಲ್ಫಾ

ಅರವತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಹಂಗಾಮಿ ಉಪನ್ಯಾಸಕಿ. ಎಂ.ಎಡ್. ಮುಗಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಜೂನ್‌ನಲ್ಲಿ ಮನೆಗೆ. ಪ್ರಬಂಧಕ್ಕೆಂದು ಎಂಟನೇ ತರಗತಿಯ ಮಕ್ಕಳಿಗೆ ಹತ್ತು ಲೆಕ್ಕಗಳ ಪರೀಕ್ಷೆಯೊಂದನ್ನು ತಯಾರಿಸಿದ್ದೆ. ಮಣಿಪಾಲದಲ್ಲಿದ್ದ ನನ್ನ ಮಾರ್ಗದರ್ಶಕರು ಮೊದಲೇ ಹೇಳಿಬಿಟ್ಟಿದ್ದರು: "ನೋಡಿಯಮ್ಮ, ಆಲ್ಫಾ ಪಾಯಿಂಟ್ ಎಂಟಕ್ಕಿಂತ ಕಡಿಮೆ ಬಂದರೆ ನನ್ನ ಸಹಿ ಕೇಳಿಕೊಂಡು ಬರಬೇಡಿ."

ಆಲ್ಫಾ ಎಂದರೆ ಒಂದು ಪರೀಕ್ಷೆಯ ಪ್ರಶ್ನೆಗಳು ತಮ್ಮತಮ್ಮೊಳಗೆ ಎಷ್ಟು ಹೊಂದಿಕೊಂಡಿವೆ ಎಂದು ಹೇಳುವ ಅಂಕಿ. ಬರೀ ಸರಿ–ತಪ್ಪಿನ ಪರೀಕ್ಷೆಗೆ ಹಳೆಯ ಸೂತ್ರವೇ ಸಾಕಿತ್ತು. ನಾನು ಜಾಣೆಯಂತೆ ಹಂತಹಂತಕ್ಕೂ ಅಂಕವಿಟ್ಟು ಪ್ರತಿ ಲೆಕ್ಕಕ್ಕೆ ಐದು ಮಾಡಿದ್ದರಿಂದ ಈ ಹೊಸದೇ ಬೇಕಾಯಿತು. ಒಂದೊಂದು ಲೆಕ್ಕದ ಅಂಕಗಳು ಮಗುವಿನಿಂದ ಮಗುವಿಗೆ ಎಷ್ಟು ಚದುರಿವೆ ಎಂದು ಕಂಡುಹಿಡಿಯಬೇಕು. ಅದಕ್ಕೆ ವೇರಿಯನ್ಸ್ ಎಂದು ಹೆಸರು. ಹತ್ತರದ್ದನ್ನೂ ಕೂಡಿಸಿ, ಒಟ್ಟು ಅಂಕಗಳ ವೇರಿಯನ್ಸಿನಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದು, ಉಳಿದದ್ದನ್ನು ಹತ್ತರಿಂದ ಗುಣಿಸಿ ಒಂಬತ್ತರಿಂದ ಭಾಗಿಸಬೇಕು. ಒಂದು ಲೆಕ್ಕ ಬಂದ ಮಗುವಿಗೆ ಉಳಿದವೂ ಬಂದು, ಬಾರದ ಮಗುವಿಗೆ ಯಾವುದೂ ಬಾರದಿದ್ದರೆ ಒಟ್ಟು ಅಂಕಗಳು ದೂರದೂರ ಹರಡಿಕೊಂಡು ಆಲ್ಫಾ ಏರುತ್ತದೆ.

ಮೊದಲು ಕಾಪುವಿನ ಶಾಲೆ. ಅಲ್ಲಿಯ ಹೆಡ್‌ಮಾಸ್ಟರರು ಬೆಂಚಿಗೊಂದೇ ಮಗುವನ್ನು ಕೂರಿಸಿ, ಪರೀಕ್ಷೆ ಮುಗಿಯುವವರೆಗೆ ತಾವೇ ನಿಂತಿದ್ದರು. ಒಂದು ಶಬ್ದದ ಅರ್ಥ ಕೇಳಿದ ಹುಡುಗಿಗೂ "ನಿನಗೆ ಎಂತ ಗೊತ್ತುಂಟೋ ಅದನ್ನೇ ಬರೆ" ಎಂದರು. ಲೆಕ್ಕಗಳ ವೇರಿಯನ್ಸ್ ಕೂಡಿಸಿದರೆ ಇಪ್ಪತ್ತು, ಒಟ್ಟು ಅಂಕಗಳದ್ದು ನಲವತ್ತು. ಆಲ್ಫಾ ಪಾಯಿಂಟ್ ಐದು ಆರು. ಮೂರು ಸಲ ಲೆಕ್ಕ ಮಾಡಿದೆ, ಹಟಮಾರಿ ಅಂಕಿ ಅಲ್ಲಾಡಲಿಲ್ಲ. ಅಳು ಬಂತು, ಆ ಹೆಡ್‌ಮಾಸ್ಟರರ ಮೇಲೆ ಸಿಟ್ಟೂ ಬಂತು.

ಆಮೇಲೆ ಕಾರ್ಕಳ. ಪ್ರಶ್ನೆಪತ್ರಿಕೆಗಳ ಕಟ್ಟನ್ನು ಒಂದು ವಾರ ಮೊದಲೇ ಬಸ್ಸಿನಲ್ಲಿ ಅಲ್ಲಿಯ ಗಣಿತದ ಮಾಸ್ಟರರಿಗೆ ಕಳುಹಿಸಿದ್ದೆ. ಈ ಬಾರಿ ಇಪ್ಪತ್ತೆಂಟಕ್ಕೆ ನೂರ ನಲವತ್ತು! ಆಲ್ಫಾ ಪಾಯಿಂಟ್ ಎಂಟು ಒಂಬತ್ತು. ಮಾರ್ಗದರ್ಶಕರು ಕನ್ನಡಕ ಸರಿಮಾಡಿಕೊಂಡು, "ಭೇಷ್! ಕಾಪುವನ್ನು ಬಿಟ್ಟುಬಿಡಿ. ಇದೊಂದೇ ಸಾಕು" ಎಂದರು.

ಉಪಕಾರ ಸ್ಮರಣೆಗೆಂದು ಅರ್ಧ ಸೇರು ಮೈಸೂರುಪಾಕು ಹಿಡಿದು ಕಾರ್ಕಳಕ್ಕೆ ಹೋದೆ. ಮಾಸ್ಟರರು ಹಿಗ್ಗಿಹೋದರು.

"ಕಡೆಗೂ ಮಾನ ಉಳಿಯಿತು ಟೀಚರೇ. ಕಟ್ಟು ಬಿಚ್ಚಿ ನೋಡಿದೆ. ಲೆಕ್ಕಗಳು ಸ್ವಲ್ಪ ಕಷ್ಟ ಉಂಟು. ಉಡುಪಿಯಿಂದ ಬರುವವರ ಎದುರು ಶಾಲೆಯ ಹೆಸರು ಹೋಗಬಾರದಲ್ವಾ? ಹತ್ತನ್ನೂ ಮಾಡಿ ತೋರಿಸಿದೆ."

"ಎಲ್ಲರಿಗೂ?"

"ಛೇ, ಮುಂದಿನ ಬೆಂಚುಗಳವರಿಗೆ ಮಾತ್ರ. ಹಿಂದಿನವರಿಗೆ ಹೇಳಿ ಎಂತ ಪ್ರಯೋಜನ?"

ಅರ್ಧ ತರಗತಿಗೆ ಎಲ್ಲವನ್ನೂ ಹೇಳಿಕೊಟ್ಟು, ಉಳಿದರ್ಧಕ್ಕೆ ಏನನ್ನೂ ಹೇಳದೆ ಪುಣ್ಯಾತ್ಮ ನನ್ನ ಅಂಕಗಳನ್ನು ಎರಡು ದಡಕ್ಕೆ ಎಳೆದುಬಿಟ್ಟಿದ್ದ. ನಾನು ಅಳೆದದ್ದು ಮಕ್ಕಳ ಗಣಿತವನ್ನಲ್ಲ, ಯಾರು ಯಾವ ಬೆಂಚಿನಲ್ಲಿ ಕೂತಿದ್ದರು ಎಂಬುದನ್ನು.

ನೇರವಾಗಿ ಮಣಿಪಾಲಕ್ಕೆ ಹೋಗಿ ಹೇಳಿದೆ. ಮಾರ್ಗದರ್ಶಕರು ಸಾವಕಾಶವಾಗಿ ಕೇಳಿಸಿಕೊಂಡರು.

"ಲೆಕ್ಕಗಳು ಒಂದಕ್ಕೊಂದು ಹೊಂದಿಕೊಂಡಿವೆಯೋ ಇಲ್ಲವೋ?"

"ಹೊಂದಿಕೊಂಡಿವೆ ಸರ್, ಆದರೆ..."

"ಆಲ್ಫಾ ಹೇಳುವುದು ಅಷ್ಟನ್ನೇ. ಯಾಕೆ ಹೊಂದಿಕೊಂಡಿವೆ ಎಂದು ಅದು ಕೇಳುವುದಿಲ್ಲ. ನೀವ್ಯಾಕೆ ಕೇಳಲಿಕ್ಕೆ ಹೋದಿರಿ?" ಎಂದು ಪೆನ್ನಿನ ಮುಚ್ಚಳ ತೆಗೆದರು.

ಪುಸ್ತಕದ ಮಟ್ಟಿಗೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹಾಳೆಯನ್ನು ಮುಂದಕ್ಕೆ ಸರಿಸಿದೆ, ಅವರು ಸಹಿ ಹಾಕಿದರು. ಜೂನ್‌ನಲ್ಲಿ ಕೆಲಸ ಖಾಯಂ ಆಯಿತು. ಮುಂದೆ ಇಪ್ಪತ್ತು ವರ್ಷ ಅದೇ ಕಾಲೇಜಿನಲ್ಲಿ ಪರೀಕ್ಷೆಗಳನ್ನು ನಂಬುವುದು ಹೇಗೆ ಎಂದು ಪಾಠ ಮಾಡಿದೆ.

ಆ ಮಳೆಗಾಲ ಕಳೆದ ಮೇಲೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಪುವಿನ ಹೆಡ್‌ಮಾಸ್ಟರರು ಸಿಕ್ಕಿದರು. ನನ್ನ ಪ್ರಬಂಧದಲ್ಲಿ ಅವರ ಶಾಲೆ ಇಲ್ಲವೆಂದು ಹೇಗೋ ಗೊತ್ತಾಗಿತ್ತು. ಅವರಿಗೆ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.

"ನಮ್ಮ ಮಕ್ಕಳದ್ದು ಯಾಕೆ ಬಿಟ್ಟಿರಿ ಟೀಚರೇ?" ಎಂದರು, ತಗ್ಗಿದ ದನಿಯಲ್ಲಿ. "ಯಾರಾದರೂ ನೋಡಿ ಬರೆದಿದ್ದರಾ? ನಾನು ಕಣ್ಣು ಮಿಟುಕಿಸದೆ ನಿಂತಿದ್ದೆ. ಆದರೂ ನನ್ನದೇ ತಪ್ಪಾಗಿರಬಹುದು. ಹೇಳಿ, ಮುಂದಿನ ಸಲ ಸರಿಮಾಡಿಕೊಳ್ಳುತ್ತೇನೆ."

ನನಗೆ ಅವರ ಮುಖ ನೋಡಲಾಗಲಿಲ್ಲ. "ಬಸ್ಸು ಬಂತು ಸರ್" ಎಂದು ಎದುರಿಗೆ ನಿಂತದ್ದನ್ನು ಹತ್ತಿ ಕೂತೆ. ಅದು ಪೆರ್ಡೂರಿಗೆ ಹೋಗುವ ಬಸ್ಸು. ನನ್ನ ಮನೆ ಇದ್ದದ್ದು ಬನ್ನಂಜೆಯಲ್ಲಿ, ನಡೆದರೆ ಹತ್ತು ನಿಮಿಷ.