ಆರನೇ ಕ್ಲಾಸಿನವರು ನನ್ನನ್ನು ಎತ್ತಿದ್ದು

ಬಾಲಿಗಂಜಿನ ಬಂಗಾಳಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಆ ವರ್ಷ ಮಕ್ಕಳಿಗೊಂದು ಸವಾಲು ಹಾಕಿದೆ: ಗುಜರಿ ಸಾಮಾನಿನಲ್ಲೇ ಸನ್ನೆಗೋಲು, ರಾಟೆ, ಇಳಿಜಾರು ಮಾಡಿ ಭಾರ ಎತ್ತಬೇಕು. ಲೆಕ್ಕ ಮೊದಲೇ ಬೋರ್ಡಿನ ಮೇಲೆ ಬರೆಯಬೇಕು. ಅವಕಾಶ ಒಂದೇ. ಗೆದ್ದ ತಂಡಕ್ಕೆ ಶಾಲೆಯ ಪರವಾಗಿ ವಿಜ್ಞಾನ ಮೇಳಕ್ಕೆ ಹೋಗುವ ಭಾಗ್ಯ.

ಒಂದು ತಂಡ ಹಳೇ ಬೀರುವಿನ ಬಾಗಿಲನ್ನು ಇಳಿಜಾರು ಮಾಡಿತು. ಇನ್ನೊಂದು ತಂಡ ಬಕೆಟ್ಟಿನ ಜೊತೆಗೇ ಮೇಲೇರುವ ರಾಟೆ ಕಟ್ಟಿ, ಎಳೆಯುವ ಬಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಮೂರನೆಯ ತಂಡದ ಮುಂದಾಳು ರೈಲ್ವೆ ನೌಕರರ ಮಗಳು. ಮನೆಮಾತು ಕನ್ನಡವಾದ್ದರಿಂದ ನನ್ನ ಹತ್ತಿರ ಮಾತ್ರ ಅರ್ಧಂಬರ್ಧ ಕನ್ನಡ ಆಡುತ್ತಿದ್ದಳು. ಗಣಿತವೆಂದರೆ ಹೆದರಿ ಸಾಯುತ್ತಿದ್ದ ಹುಡುಗಿ ಅಂದು ಎಲ್ಲರೆದುರು ಬಂಗಾಳಿಯಲ್ಲೇ, “ಮಿಸ್, ನಿಮ್ಮನ್ನೇ ಎತ್ತತೀನಿ. ನಿಮ್ಮ ತೂಕ ಎಷ್ಟು?” ಎಂದಳು.

ಎಲ್ಲರೂ ಕಿವಿ ನಿಮಿರಿಸಿದ್ದರು. ಅರವತ್ತು ಎಂದುಬಿಟ್ಟೆ. ಮದುವೆಯಾದ ವರ್ಷ ಅಷ್ಟಿತ್ತು, ಸುಳ್ಳಲ್ಲ. ಆಮೇಲೆ ಈ ಊರಿನ ಸಂದೇಶ, ರಸಗುಲ್ಲದಂಥ ಸಿಹಿಗಳ ಜೊತೆ ಬಾಳ್ವೆ ಮಾಡಿದ್ದನ್ನು ಹೇಳಲಿಲ್ಲ, ಅಷ್ಟೇ.

ಅವಳ ತೂಕ ಮೂವತ್ತು. ಹಲಗೆಯ ಕೆಳಗೆ ಪೈಪಿನ ತುಂಡು ಇಟ್ಟಳು. ಅಲ್ಲಿಂದ ನಾನು ನಿಲ್ಲುವ ಗುರುತಿಗೆ ಮೂರು ಅಡಿ, ಅವಳ ಗುರುತಿಗೆ ಆರು ಅಡಿ. “ಸಮ ಆಗತ್ತೆ. ಹಲಗೆಯ ಭಾರ ನನ್ನ ಕಡೆ ಜಾಸ್ತಿ ಇದೆ, ಅದಕ್ಕೇ ನೀವು ಏಳ್ತೀರಿ,” ಎಂದಳು. ಲೆಕ್ಕ ಚೊಕ್ಕವಾಗಿತ್ತು.

ನಾನು ಹತ್ತಿ ನಿಂತೆ. ಅವಳು ಆ ತುದಿಯಲ್ಲಿ ಕೂತಳು. ಹಲಗೆ ಜಪ್ಪಯ್ಯ ಅನ್ನಲಿಲ್ಲ. ಹುಡುಗರು ಕಿಸಕ್ಕನೆ ನಕ್ಕರು. ಅವಳು ಬೋರ್ಡಿನತ್ತ ಓಡಿ, ಗುಣಾಕಾರವನ್ನು ಮತ್ತೆ ಮತ್ತೆ ಮಾಡಿ, ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ, “ನನಗೆ ಗಣಿತ ಬರಲ್ಲ ಮಿಸ್, ಅಮ್ಮ ಹೇಳಿದ್ದು ನಿಜ,” ಎಂದಳು. ಕಣ್ಣು ತುಂಬಿತ್ತು.

ನನಗೆ ನಾಚಿಕೆಯಾಯಿತು. ನನ್ನ ಜಂಬಕ್ಕೆ ಈ ಮಗು ಬಲಿಯಾಗಬೇಕೆ? ಇವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದ್ದರೆ ಗುಟ್ಟು ಉಳಿಯುತ್ತಿತ್ತು. ಆದರೆ ಅವಳ ಲೆಕ್ಕ ತಪ್ಪೆಂಬ ಮಾತೂ ಉಳಿಯುತ್ತಿತ್ತು. ಇಡೀ ಕ್ಲಾಸಿಗೆ ಕೇಳುವಂತೆ, ಅವಳ ಲೆಕ್ಕ ಸರಿ, ನಾನು ಕೊಟ್ಟ ತೂಕ ತಪ್ಪು, ಇನ್ನೊಂದು ಅವಕಾಶ ಅವಳ ಹಕ್ಕು ಎಂದೆ. ಯಾರೂ ತಕರಾರು ಮಾಡಲಿಲ್ಲ. ನಗುವುದರಲ್ಲೇ ಮುಳುಗಿದ್ದರು.

ಅವಳು ಅರವತ್ತನ್ನು ಅಳಿಸಿ, ಚಾಕ್‌ಪೀಸನ್ನು ನನ್ನ ಕೈಗಿತ್ತು, “ನೀವೇ ಬರೀರಿ ಮಿಸ್,” ಎಂದಳು.

ಎಪ್ಪತ್ತೆರಡು ಎಂದು ಬರೆದೆ, ಆದಷ್ಟು ಸಣ್ಣ ಅಕ್ಷರದಲ್ಲಿ. ಅವಳು ಲೆಕ್ಕ ಹಾಕಿ, ಪೈಪನ್ನು ನನ್ನ ಕಡೆಗೆ ಅರ್ಧ ಅಡಿ ಸರಿಸಿ, ಹೋಗಿ ಕೂತಳು. ನಾನು ಮೇಲೆದ್ದೆ. ಕ್ಲಾಸು ಕಿರುಚಿತು. ಅವಳೊಬ್ಬಳು ಕಿರುಚಲಿಲ್ಲ, ಆ ತುದಿಯಲ್ಲಿ ಕಣ್ಣೊರೆಸಿಕೊಂಡು, “ಇಳೀಬೇಡಿ ಮಿಸ್, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಿ,” ಎಂದಳು.