ಅಕ್ಕನಿಗೆ ಬರೆದ ಎಂಟು ಸಾಲು

ನಿನ್ನೆ ಗುಂಜೋಟಿಯ ಗಿರಾಕಿಯೊಬ್ಬರ ಬ್ಲೌಸಿನ ಅಳತೆ ಹುಡುಕುತ್ತಿದ್ದಾಗ, ಅಳತೆ ಪುಸ್ತಕದಿಂದ ಒಂದು ಚೀಟಿ ಜಾರಿ ಬಿತ್ತು. ಒಂದು ಮಗ್ಗುಲಲ್ಲಿ ಯಾರದೋ ತೋಳಿನ ಸುತ್ತಳತೆ. ಇನ್ನೊಂದು ಮಗ್ಗುಲಲ್ಲಿ ನನ್ನದೇ ಕಾಗೆಕಾಲಿನ ಅಕ್ಷರ, ಗೀಚಿದ ಸಾಲುಗಳ ಮೇಲೆ ಮತ್ತೆ ಗೀಚಿದ ಸಾಲುಗಳು. ಹೋದ ವರ್ಷ ಮಸ್ಕತ್ತಿನಲ್ಲಿರುವ ಅಕ್ಕನಿಗೆ ಒಂದು ಧಾರಾವಾಹಿ ನೋಡೆಂದು ಮೆಸೇಜ್ ಕಳಿಸಿದ್ದೆ. ಇದು ಅದರ ಕರಡು. ಎಂಟು ಸಾಲಿನ ಮೆಸೇಜಿಗೆ ಕರಡೇ ಎಂದು ನೀವು ನಗಬಹುದು. ನನ್ನ ಬಾಯಿಯ ಪರಿಚಯ ನಿಮಗಿಲ್ಲ, ಅದಕ್ಕೆ ನಗುತ್ತೀರಿ.

ನಾವು ಉದಗೀರದಲ್ಲಿ ಬೆಳೆದವರು. ಅಪ್ಪ ಭಾಲ್ಕಿ ಕಡೆಯಿಂದ ಬಂದು ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಅಕ್ಕನಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಬಾಡಿಗೆಗೆ ತಂದ ಪುಸ್ತಕವನ್ನು ದಿನಕ್ಕೆ ಇಷ್ಟೇ ಪುಟ ಎಂದು ಲೆಕ್ಕ ಹಾಕಿ ಓದುತ್ತಿದ್ದಳು, ಬೆಲ್ಲದುಂಡೆಯನ್ನು ಮಕ್ಕಳು ನೆಕ್ಕಿ ನೆಕ್ಕಿ ಉಳಿಸುವ ಹಾಗೆ. ಒಮ್ಮೆ ಆಕೆ ನೀರಿಗೆ ಹೋದಾಗ ನಾನು ಕೊನೆಯ ಪುಟ ತೆಗೆದು ನೋಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲರೆದುರು, "ಅಕ್ಕಾ, ಡಾಕ್ಟರೇ ಕೊಂದಾನ!" ಎಂದು ಕೂಗಿದೆ. ಅಕ್ಕ ತಾಟು ಸರಿಸಿ ಎದ್ದು ಹೋದಳು.

"ನಿನ್ನ ಹೊಟ್ಟ್ಯಾಗ ಒಂದು ಮಾತು ನಿಲ್ಲಂಗಿಲ್ಲ ನೋಡು," ಎಂದಳು ಆಮೇಲೆ. ಬೈಗುಳವೇನಲ್ಲ. ಆದರೆ ಆಕೆ ಅದನ್ನು ಮರೆಯಲಿಲ್ಲ. ನರ್ಸಿಂಗ್ ಮುಗಿಸಿ ನಿಲಂಗಾದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ಮಸ್ಕತ್ತಿನ ನೌಕರಿ ಸಿಕ್ಕಿತು. ಅವ್ವನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಪಕ್ಕದ ಮನೆಯ ಕಾಕೂಗೂ ಗೊತ್ತಿತ್ತು. ನನಗೆ ತಿಳಿದದ್ದು ಟಿಕೆಟ್ ಕೈಗೆ ಬಂದ ಮೇಲೆ. ಅಷ್ಟರಲ್ಲಿ ನಾನು ಮದುವೆಯಾಗಿ ಈ ಉಮರ್ಗಾಕ್ಕೆ ಬಂದಿದ್ದೆ. ಹೊಲಿಗೆ ಯಂತ್ರದ ಮುಂದೆ ಕೂತು ಅತ್ತೆ, ಆದರೆ ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ.

ಹೋದ ವರ್ಷ ಅಕ್ಕ ಆಸ್ಪತ್ರೆಯ ಮೆಟ್ಟಿಲಿನಿಂದ ಜಾರಿ ಪಾದದ ಮೂಳೆ ಮುರಿದುಕೊಂಡಳು. ಆರು ವಾರ ಕೋಣೆಯಲ್ಲೇ. ಫೋನ್ ಮಾಡಿದರೆ "ಉಂಡ್ಯಾ? ಉಂಡೆ" ಎನ್ನುವಷ್ಟಕ್ಕೆ ಮಾತು ಮುಗಿಯುತ್ತಿತ್ತು. ಒಂದು ದಿನ ಆಕೆಯೇ ಕೇಳಿದಳು: "ಹೊತ್ತೇ ಹೋಗವಲ್ದು. ಏನರೆ ಚೊಲೋದು ನೋಡೀದ್ರ ಹೇಳು. ಖರೆ, ಕಥಿ ಹೇಳಬ್ಯಾಡ!"

ನಾನು ಆಗಷ್ಟೇ ಒಂದು ಮರಾಠಿ ಧಾರಾವಾಹಿ ನೋಡಿ ಮುಗಿಸಿದ್ದೆ. ಎಂಟೇ ಕಂತು. ಹೆಜ್ಜೆಹೆಜ್ಜೆಗೂ ತಿರುವು. ಅಕ್ಕನಿಗೆಂದೇ ಮಾಡಿದಂತಿತ್ತು. ಚೀಟಿ ತೆಗೆದುಕೊಂಡು ಬರೆದೆ: "ಕಡೀಗೆ ನಿನಗ ಝಟಕಾ ಹೊಡೀತದ."

ಕಾಲೇಜಿಗೆ ಹೋಗುವ ನನ್ನ ಮಗಳು ಪಲ್ಲವಿ ಹೆಗಲ ಮೇಲಿನಿಂದ ಓದಿದಳು. "ಮಮ್ಮಿ, ಹಿಂಗ ಬರದ್ರ ದೊಡ್ಡವ್ವ ಏಳನೇ ಕಂತಿನ್ಯಾಗ ಗುಟ್ಟು ಬಿಚ್ಚಿದ್ರೂ ನಂಬಂಗಿಲ್ಲ. ಇನ್ನೂ ಏನೋ ಅದ ಅಂತ ಕಾಯ್ಕೋತ ಕೂಡ್ತಾಳ."

ಅದನ್ನು ಗೀಚಿ ಅಳಿಸಿದೆ. "ಹೆಡ್‌ಮಾಸ್ತರನ ಪಾತ್ರ ಮಾಡಿದಂವ ಭಾಳ ಚಲೋ ಮಾಡ್ಯಾನ" ಎಂದು ಬರೆದೆ.

"ಮುಗೀತು. ಮೊದಲ ದಿನದಿಂದ ಅವನ ಮ್ಯಾಲೇ ಕಣ್ಣು ಇಡ್ತಾಳ."

"ಯಾರನ್ನೂ ನಂಬಬ್ಯಾಡ" ಎಂದರೆ ಒಳ್ಳೆಯವರ ಮೇಲೆಲ್ಲ ಸಂಶಯ. "ಐದನೇ ಕಂತಿಗೆ ನಾ ಅತ್ತೆ" ಎಂದರೆ ಅಲ್ಲಿ ಯಾರೋ ಸಾಯುತ್ತಾರೆ ಎಂದು ಹೇಳಿದಂತೆಯೇ. "ನೀನು ಓದ್ತಿದ್ದ ಆ ಡಾಕ್ಟರನ ಪುಸ್ತಕದಂಗ ಅದ" ಎಂದು ಬರೆಯಹೋಗಿ ನಾನೇ ನಾಲಿಗೆ ಕಚ್ಚಿಕೊಂಡೆ. ಒಂದು ಕಥೆಯನ್ನು ಇನ್ನೊಂದಕ್ಕೆ ಹೋಲಿಸಿದರೆ ಎರಡರ ಗುಟ್ಟೂ ಹೋಗುತ್ತದೆ.

ಇದನ್ನೆಲ್ಲ ಕೇಳುತ್ತಿದ್ದ ನಮ್ಮ ಮನೆಯವರು, "ಚಲೋ ಅದ, ನೋಡು ಅಂತ ಬರಿ. ಸಾಕಲ್ಲ?" ಎಂದರು. ಆದರೆ ಚಲೋ ಅದ ಎಂದು ದಿನಕ್ಕೆ ಹತ್ತು ಮಂದಿ ಹತ್ತು ಕಳಿಸುತ್ತಾರೆ, ಯಾರು ನೋಡುತ್ತಾರೆ? ನೋಡಬೇಕೆನ್ನಿಸಲು ಏನಾದರೊಂದು ಕೊಡಲೇಬೇಕು. ಎಷ್ಟು ಕೊಡಬೇಕು ಎಂಬುದೇ ಪೇಚು. ಕೊನೆಗೆ ಪಲ್ಲವಿ ಒಂದು ಗೆರೆ ಎಳೆದಳು: ಮೊದಲ ಹತ್ತು ನಿಮಿಷದೊಳಗೆ ಕಾಣುವುದನ್ನು ಮಾತ್ರ ಹೇಳಬಹುದು. ಉಳಿದಂತೆ ಕಥೆಯ ಮಾತು ಬಿಟ್ಟು ನೋಡುವವರಿಗೆ ಬೇಕಾದ ಮಾತು ಬರೆಯಬೇಕು. ಎಷ್ಟು ಉದ್ದ, ಯಾವ ಭಾಷೆ, ಎಲ್ಲಿ ತಾಳ್ಮೆ ಬೇಕು, ಇಷ್ಟೇ. ಲಿಂಕ್ ಅಂಟಿಸಿ ನೋಡಿದರೆ ಅದರ ಜೊತೆಗೇ ಒಂದು ಚಿತ್ರ ಬಂತು, ಆ ಚಿತ್ರದಲ್ಲಿ ಆರನೇ ಕಂತಿನ ಒಂದು ಮುಖ! ಅದನ್ನೂ ಅಳಿಸಿ, ಬರೀ ಹೆಸರು ಬರೆದೆವು. ಮಸ್ಕತ್ತಿನಲ್ಲೂ ಅದು ಬರುತ್ತದೆಯೇ ಎಂದು ಮಗಳು ಮೊದಲೇ ನೋಡಿಟ್ಟಿದ್ದಳು.

ಧಾರಾವಾಹಿಯ ಹೆಸರಿನ ಕೆಳಗೆ ಹೋದದ್ದು ಇಷ್ಟು:

"ಅಕ್ಕಾ, ಇದನ್ನ ನೋಡು.
ಮರಾಠಿ ಅದ. ಎಂಟು ಕಂತು, ಒಂದೊಂದು ಮುಕ್ಕಾಲು ತಾಸು.
ಸಮುದ್ರದ ದಂಡಿ ಊರು. ಲೈಟ್‌ಹೌಸ್ ಕಾಯೋವ ಒಂದಿನ ಕೆಲಸಕ್ಕ ಬರಂಗಿಲ್ಲ. ಅಲ್ಲಿಂದ ಸುರು.
ಮೊದಲನೇ ಕಂತು ಸಾವಕಾಶ ಅದ, ಎರಡು ಆಗೂತನಕ ಬಿಡಬ್ಯಾಡ.
ನೋಡೂಮುಂದ ಫೋನ್ ಕೈಯಾಗ ಹಿಡೀಬ್ಯಾಡ.
ಟ್ರೇಲರ್ ನೋಡಬ್ಯಾಡ, ಕಮೆಂಟ್ ಓದಬ್ಯಾಡ.
ರಕ್ತಪಾತ ಭಾಳಿಲ್ಲ.
ಮುಗಿದ ಮ್ಯಾಲ ಫೋನ್ ಮಾಡು."

ಫೋನ್ ಹಿಡೀಬ್ಯಾಡ ಎಂದದ್ದಕ್ಕೆ ಕಾರಣವಿತ್ತು. ಮೊದಲ ಕಂತಿನಲ್ಲಿ ಸುಮ್ಮನೆ ಕಂಡು ಹೋಗುವ ವಸ್ತುಗಳೇ ಮುಂದೆ ದೊಡ್ಡದಾಗುತ್ತವೆ. ಕಾರಣ ಹೇಳಿದರೆ ಆಕೆ ಅವುಗಳನ್ನೇ ಹುಡುಕುತ್ತಾ ಕೂರುತ್ತಾಳೆ. ಅದಕ್ಕೆ ಕಾರಣ ಬಿಟ್ಟು, ಮಾಡಬೇಕಾದದ್ದನ್ನಷ್ಟೇ ಹೇಳಿದೆ.

ಮೆಸೇಜ್ ಹೋದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಅಕ್ಕ ದಿನಕ್ಕೊಂದು ಕಂತು ನೋಡಿ, ಮುಗಿಯುವವರೆಗೆ ಕಾಯದೆ, ಮಧ್ಯಾಹ್ನ ಫೋನ್ ಮಾಡತೊಡಗಿದಳು.

"ಆ ಅಂಚೆಯವನ ಹೇಣ್ತಿ ಸುಳ್ಳು ಹೇಳ್ಲತಾಳ, ಹೌದಲ್ಲೊ?"

"ಹೂಂ, ನೋಡು ಮುಂದ."

"ಹೂಂ ಅಂದ್ರ ಹೌದೋ, ಅಲ್ಲೋ?"

"ಹೂಂ ಅಂದ್ರ ಕೇಳ್ಲತೀನಿ ಅಂತ."

ಆಕೆಯ ಊಹೆ ಸರಿಯಿದ್ದರೂ ತಪ್ಪಿದ್ದರೂ ನನ್ನ 'ಹೂಂ' ಒಂದೇ ತೂಕದ್ದಿರಬೇಕು. ಮಗಳು ಎದುರು ಕೂತು ಅಭ್ಯಾಸ ಮಾಡಿಸಿದ್ದಳು. ನನ್ನ ಮುಖವನ್ನಂತೂ ನಂಬುವ ಹಾಗಿರಲಿಲ್ಲ. ಅಕ್ಕ ವಿಡಿಯೋ ಕರೆ ಮಾಡಿದರೆ, "ನೆಟ್‌ವರ್ಕ್ ಇಲ್ಲ" ಎಂದು ಸುಳ್ಳು ಹೇಳಿ ಬರೀ ದನಿಯಲ್ಲಿ ಮಾತಾಡುತ್ತಿದ್ದೆ. ನಾಲ್ಕನೇ ದಿನ ಆಕೆಯ ಊಹೆ ಗುರಿಯ ಹತ್ತಿರ ಹತ್ತಿರ ಬಂದಾಗ, ಬಾಯಿಗೆ ಬಂದ ಮಾತು ತಡೆಯಲು ದಾರ ಕಚ್ಚಿ ಹಿಡಿದುಕೊಂಡು ಕೂತಿದ್ದೆ. ಹೇಳುವುದಕ್ಕಿಂತ ಸುಮ್ಮನಿರುವುದಕ್ಕೆ ಹೆಚ್ಚು ಮೈಬಲ ಬೇಕೆಂದು ಆ ವಾರ ತಿಳಿಯಿತು. ಚಿಕ್ಕಂದಿನಲ್ಲಿ ನಾನು ಅಕ್ಕನಿಂದ ಕಸಿದುಕೊಂಡದ್ದೇನು ಎಂಬುದೂ ಆಗಲೇ ತಿಳಿಯಿತು. ಅದು ಬರೀ ಕೊಂದವನ ಹೆಸರಾಗಿರಲಿಲ್ಲ. ಇಂಥ ಎಂಟು ದಿನಗಳು.

ಎಂಟನೇ ಮಧ್ಯಾಹ್ನ ಫೋನ್ ಬಂತು. "ಅಯ್ಯ ನನ್ನವ್ವಾ!" ಎಂದು ಅಕ್ಕ ನಕ್ಕ ಸದ್ದಿಗೆ ಮನೆಯವರೂ ಒಳಗೆ ಬಂದರು. ಒಂದು ತಾಸು ಮಾತಾಡಿದೆವು. ಯಾವ ಕಂತಿನಲ್ಲಿ ಏನು ಕಂಡಿತ್ತು, ತಾನು ಎಲ್ಲಿ ಮೋಸ ಹೋದೆ, ಎಲ್ಲವನ್ನೂ ಮೊದಲಿನಿಂದ ತಿರುವಿ ಹಾಕಿದಳು. ಆಮೇಲೆ ದನಿ ಸಣ್ಣದಾಯಿತು.

"ಎಂಟು ದಿನ ಹೆಂಗ ಸುಮ್ಮಕಿದ್ದಿ ನೀ?"

"ದಾರ ಕಚ್ಕೊಂಡು," ಎಂದೆ.

 

"ನಿನಗೊಂದು ಮಾತು ಹೇಳಬೇಕಾಗ್ಯಾದ. ಯಾರಿಗೂ ಹೇಳಿಲ್ಲ. ಅವ್ವಗೂ ಹೇಳಿಲ್ಲ."

ನಾನು ಯಂತ್ರ ಬಿಟ್ಟೆದ್ದು ಹಿತ್ತಲಿಗೆ ಹೋದೆ. ಆಕೆ ಹೇಳಿದಳು, ನಾನು ಕೇಳಿದೆ. ಆರು ವಾರದ ಬೇಸರಕ್ಕೆ ಕಾಲು ಮುರಿದದ್ದೊಂದೇ ಕಾರಣವಾಗಿರಲಿಲ್ಲ.

ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೂ ಹೇಳಿಲ್ಲ, ಅವರೂ ಕೇಳಿಲ್ಲ. ನಿಮಗೆ ಚಿಂತೆ ಬೇಡವೆಂದು ಇಷ್ಟು ಮಾತ್ರ: ಆ ಕಷ್ಟ ಈಗ ಕಳೆದಿದೆ. ಅಕ್ಕ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ.

ಇವತ್ತು ಬೆಳಿಗ್ಗೆ ಉದಗೀರದಿಂದ ಅವ್ವನ ಫೋನು. "ಅಕ್ಕ ಯಾವಾಗ ಬರ್ತಾಳಂತ? ನಿನಗೇನರೆ ಹೇಳ್ಯಾಳೇನು?"

ತಾರೀಖು ನನಗೆ ಗೊತ್ತು. ಅವ್ವನ ಮುಂದೆ ಒಮ್ಮೆಲೇ ಹೋಗಿ ನಿಲ್ಲಬೇಕೆಂದು ಅಕ್ಕನ ಆಸೆ. ಹೈದರಾಬಾದಿನಿಂದ ಆಕೆಯನ್ನು ಕರೆತರಲು ಗಾಡಿ ಗೊತ್ತುಮಾಡಿದವಳೂ ನಾನೇ.

"ಬರ್ತಾಳ ಬಿಡವ್ವಾ," ಎಂದೆ. ಇಡೀ ಮನೆಯಲ್ಲಿ ಮೊದಲು ತಿಳಿದವಳು ನಾನು ಎಂಬ ಸುಖವನ್ನು ಯಾರಿಗೂ ಹೇಳದೆ ಒಬ್ಬಳೇ ಅನುಭವಿಸುತ್ತಾ, ಅಕ್ಕನಿಗೆಂದು ಕತ್ತರಿಸಿಟ್ಟ ಹಸಿರು ಬ್ಲೌಸು ಹೊಲಿಯಲು ಕೂತೆ.