ಪುಟದಲ್ಲಿ ಕಾಣದ ಹೆಸರು

ಅಂತರಸಂತೆಯ ಗೆಳೆಯನೂ ನಾನೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಹುಣಸೂರಿಗೆ ಮರಳಿ ಟ್ಯೂಷನ್ ಹೇಳುತ್ತ, ಬಿಡುವಿನಲ್ಲಿ ವೆಬ್‌ಸೈಟ್ ಕಟ್ಟುತ್ತಿದ್ದೆ. ಅವನು ಪಿಯುಸಿ ಬಿಟ್ಟು ಕಾಡಂಚಿನಲ್ಲಿ ದಿನಗೂಲಿ ವಾಚರ್ ಆದ. ಹಕ್ಕಿ ಕೂತ ಕಡೆ ಕಾಯುವ ತಾಳ್ಮೆ, ಫೋಟೋ ತೆಗೆಯುವ ಕಣ್ಣು ಎರಡೂ ಅವನಿಗಿದ್ದವು. ನನಗಿರಲಿಲ್ಲ.

ಅವನದು ಹಳೆಯ ಕ್ಯಾಮೆರಾ, ಇದ್ದದ್ದು ಒಂದೇ ಮೆಮೊರಿ ಕಾರ್ಡು. ತುಂಬಿದಾಗಲೆಲ್ಲ ಬಸ್ಸು ಹತ್ತಿ ಬಂದು, ಚಿತ್ರಗಳನ್ನು ನನ್ನ ಲ್ಯಾಪ್‌ಟಾಪಿಗೆ ಇಳಿಸಿ, ಕಾರ್ಡು ಅಳಿಸಿಕೊಂಡು ಹೋಗುತ್ತಿದ್ದ. 'ಒಂದು ಪ್ರತಿ ನೀನೂ ಇಟ್ಕೋ' ಅಂದರೆ, 'ನಿನ್ ಅತ್ರ ಇದ್ರೆ ನನ್ ಅತ್ರ ಇದ್ದಂಗೇ ಕಣ್ಲಾ' ಅನ್ನುತ್ತಿದ್ದ.

ಕಾಕನಕೋಟೆ ಕಡೆಯ ಒಂದು ರೆಸಾರ್ಟಿಗೆ ಪ್ರವಾಸಿಗರಿಗೆ ಹಕ್ಕಿ ತೋರಿಸುವವನು ಬೇಕಾಗಿದ್ದ. ವರ್ಷವಿಡೀ ಇರುವ ಕೆಲಸ. ಮ್ಯಾನೇಜರ್ ಇವನ ಫೋಟೋಗಳನ್ನು ನೋಡಬೇಕು, ಲಿಂಕ್ ಕಳಿಸಿ ಅಂದರಂತೆ. ಎರಡೇ ದಿನದಲ್ಲಿ ನಾನು ಅವನಿಗೊಂದು ಸೈಟ್ ಮಾಡಿದೆ. ಅವಸರಕ್ಕೆ ನನ್ನ ಸೈಟಿನ ಪುಟವನ್ನೇ ನಕಲು ಮಾಡಿ, ಫೋಟೋಗಳ ಭಾಗವನ್ನು ಮಾತ್ರ ಹೊಸದಾಗಿ ಬರೆದೆ.

ಪ್ರಯೋಗಕ್ಕೆಂದು ಅವನು ಲಿಂಕನ್ನು ವಾಟ್ಸಾಪಿನಲ್ಲಿ ಮೊದಲು ನನಗೇ ಕಳಿಸಿದ. ಲಿಂಕಿನ ಮೇಲೆ ಮೂಡಿದ್ದು ನನ್ನ ಮುಖ.

'ಲೇ, ಇದ್ಯಾವ ಅಕ್ಕೀಲಾ? ಗೂಬೆ ತರ ಐತಲ್ಲ!'

ಪುಟದ ತಲೆಯಲ್ಲಿ, ಹಂಚಿಕೊಂಡಾಗ ಯಾವ ಚಿತ್ರ ಬರಬೇಕೆಂದು ಹೇಳುವ ಮೆಟಾ ಟ್ಯಾಗ್ ಇರುತ್ತದೆ. ಅದರಲ್ಲಿ ನನ್ನ ಚಿತ್ರದ ವಿಳಾಸವೇ ಉಳಿದಿತ್ತು. ತಿದ್ದಿದೆ. ಮೊದಲು ಕಳಿಸಿದ ಸಂದೇಶದಲ್ಲಿ ನನ್ನ ಮುಖ ಹಾಗೇ ಉಳಿಯಿತು. ಮ್ಯಾನೇಜರಿಗೆ ಹೋದ ಲಿಂಕಿನ ಮೇಲೆ ಅವನ ಮಂಗಟ್ಟೆ ಹಕ್ಕಿ ಇತ್ತು, ಕೆಳಗೆ ಅವನ ಹೆಸರು. ಎಲ್ಲ ಸರಿಯಾಯಿತು ಅಂದೆ. ಅಂದೆ ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಕೆಲವು ವಾರ ಬಿಟ್ಟು ಅವನ ಫೋನ್ ಬಂತು. ದನಿ ಇಳಿದಿತ್ತು.

'ಆ ಮ್ಯಾನೇಜ್ರು ನನ್ ಫೋಟೋನ ಇಂಟರ್ನೆಟ್ಟಲ್ಲಿ ಉಡುಕಿದ್ರಂತೆ. ಅದ್ರ ಕೆಳಗೆ ತೆಗೆದೋನು ನೀನು ಅಂತ ಐತಂತೆ. ಬೇರೆಯೋರ ಫೋಟೋ ಕದ್ದು ತೋರುಸ್ತೀಯಾ ಅಂದ್ರು. ಏನ್ಲಾ ಇದು?'

'ನಕಲು ಮಾಡುವಾಗ ನನ್ನ ಹೆಸರು ಹಾಗೇ ಉಳಿದಿರಬೇಕು' ಅಂದೆ.

ನಾನು ಹೇಳಿದ್ದು ಜೇಸನ್-ಎಲ್‌ಡಿಯ ಬಗ್ಗೆ. ಪುಟ ಓದುವವರಿಗೆ ಕಾಣದ, ಸರ್ಚ್ ಎಂಜಿನ್ನಿಗೆಂದೇ ಬರೆಯುವ ಮಾಹಿತಿಯ ತುಣುಕು ಅದು. ಪ್ರತಿ ಫೋಟೋಗೂ ತೆಗೆದವರ ಹೆಸರಿಗೆಂದು ಅದರಲ್ಲೊಂದು ಸಾಲು ಇರುತ್ತದೆ. ಮ್ಯಾನೇಜರ್ ನೋಡಿದ್ದು ಆ ಸಾಲಿನಿಂದ ಬಂದ ಹೆಸರು.

ಸಾಕ್ಷಿಗೆಂದು ಫೈಲಿನ ಹಳೆಯ ಆವೃತ್ತಿಗಳನ್ನು ತೆರೆದೆ. ಪ್ರತಿ ತಿದ್ದುಪಡಿಯೂ ದಿನ, ಗಂಟೆಯೊಡನೆ ಉಳಿದಿರುತ್ತದೆ: ಅಳಿಸಿದ್ದು ಕೆಂಪು, ಸೇರಿಸಿದ್ದು ಹಸಿರು. ಮೊದಲ ಆವೃತ್ತಿಯ ಆ ಸಾಲಿನಲ್ಲಿ ಅವನ ಹೆಸರೇ ಇತ್ತು. ಗೂಬೆ ಎಂದು ಅವನು ನಕ್ಕ ದಿನ, ಮುಖಚಿತ್ರ ತಿದ್ದಿದ ಅದೇ ಹೊತ್ತಿನಲ್ಲಿ, ಆ ಹೆಸರು ಕೆಂಪಾಗಿತ್ತು. ಹಸಿರಿನಲ್ಲಿ ನನ್ನದು. ಒಂದು ಫೋಟೋಗಲ್ಲ, ಎಲ್ಲ ಫೋಟೋಗಳಿಗೂ.

ನಾನು ಹಾಗೆ ಮಾಡಿದ ನೆನಪಿಲ್ಲ. ನೆನಪನ್ನು ನಂಬಬೇಡಿ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನೇ. ಚಿತ್ರಗಳ ಅಂಚು ಕತ್ತರಿಸಿದ್ದು, ಬೆಳಕು ಹೊಂದಿಸಿದ್ದು ನಾನು, ಅದಕ್ಕೇ ಇರಬಹುದು ಎಂದು ಒಂದು ಸಮರ್ಥನೆ ಹುಟ್ಟಿತು. ಆ ಸಮರ್ಥನೆ ಆ ದಿನದ್ದೋ, ಈಗ ಕಟ್ಟಿಕೊಂಡದ್ದೋ ಗೊತ್ತಿಲ್ಲ.

ಅವನನ್ನು ಉಳಿಸಲು ಆ ತೆರೆಯ ಒಂದು ಸ್ಕ್ರೀನ್‌ಶಾಟ್ ಸಾಕಿತ್ತು. ನನ್ನ ಹೆಸರಿಗೂ ಮೊದಲೇ ಅಲ್ಲಿ ಅವನ ಹೆಸರಿತ್ತೆಂದು ಅದು ಹೇಳುತ್ತಿತ್ತು. ಅದನ್ನು ಅಳಿಸಿದವನು ಯಾರೆಂದೂ ಹೇಳುತ್ತಿತ್ತು. ಕಳಿಸಲಿಲ್ಲ. 'ತಾಂತ್ರಿಕ ತಪ್ಪು, ಫೋಟೋ ಅವನದೇ' ಎಂದಷ್ಟೇ ಮ್ಯಾನೇಜರಿಗೆ ಬರೆದೆ. ಮೂಲ ಫೈಲುಗಳು ಯಾರ ಹತ್ತಿರ ಇವೆ ಎಂದು ಅವರು ಕೇಳಿದರು. ನನ್ನ ಹತ್ತಿರ ಅಂದೆ. ಅವರು ಮತ್ತೆ ಉತ್ತರಿಸಲಿಲ್ಲ. ಕೆಲಸ ಪಿರಿಯಾಪಟ್ಟಣದ ಬೇರೆ ಯಾರಿಗೋ ಹೋಯಿತು.

ಮುಂದಿನ ಭಾನುವಾರ ಅವನು ಬಂದ. ಬೈಯುತ್ತಾನೆ ಅಂದುಕೊಂಡಿದ್ದೆ.

'ಬುಡ್ಲಾ, ಮಿಷಿನ್ ಮಾಡಿದ್ ತಪ್ಗೆ ನೀನೇನ್ ಮಾಡ್ತೀಯಾ. ಈಗ ನನ್ ಎಸ್ರು ಆಕಿದ್ದೀಯಾ?'

'ಹಾಕಿದೀನಿ.'

'ಎಲ್ಲಿ, ತೋರ್ಸು.'

ತೋರಿಸಿದೆ. ಇಂಗ್ಲಿಷಿನಲ್ಲಿದ್ದ ತನ್ನ ಹೆಸರನ್ನು ತೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ.

'ಇದು ಪುಟ ನೋಡೋರ್ಗೆ ಕಾಣ್ಸಲ್ವಾ?'

'ಇಲ್ಲ.'

'ಮತ್ತೆ ನೀನ್ ಆಕಿದ್ದೀಯಾ ಅಂತ ನಂಗೆಂಗೆ ಗೊತ್ತಾಗ್ಬೇಕು?' ಎಂದು ನಕ್ಕು, ನಾನು ಉತ್ತರಿಸುವ ಮೊದಲೇ ಹೆಗಲಿಗೊಂದು ಗುದ್ದು ಕೊಟ್ಟ. 'ನೀನಿದ್ದೀಯಲ್ಲ, ಬುಡು.'